ಮರುಮೌಲ್ಯಮಾಪನ ಕೋರುವ ಇಮೇಲ್: ತೋರಿಸಬಹುದಾದ ತಪ್ಪು, ಕೇಳಬಹುದಾದ ತೀರ್ಪು

ಫಲಿತಾಂಶ ಪ್ರಕಟವಾದ ಮೇಲೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ವಿದ್ಯಾರ್ಥಿ ಬರೆಯುವ ಇಮೇಲ್ ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತದೆ: ಚೆನ್ನಾಗಿ ಬರೆದಿದ್ದೆ, ಅಂಕ ಕಡಿಮೆ ಬಂದಿದೆ, ದಯಮಾಡಿ ಮತ್ತೊಮ್ಮೆ ನೋಡಿ. ಇದರಲ್ಲಿ ವಿನಯಕ್ಕೆ ಕೊರತೆಯಿಲ್ಲ. ಆದರೆ ಓದುವ ವಿಷಯ ನಿರ್ವಾಹಕರು ಇದನ್ನು ಹಿಡಿದು ಏನು ಮಾಡಬೇಕು ಎಂಬುದು ಎಲ್ಲೂ ಇಲ್ಲ. ಉತ್ತರ ಪತ್ರಿಕೆಯಲ್ಲಿ ಆಗಬಹುದಾದ ತಪ್ಪುಗಳು ಒಂದೇ ಜಾತಿಯವಲ್ಲ. ಕೆಲವನ್ನು ಪುಟ ತೆರೆದು ತೋರಿಸಬಹುದು. ಇನ್ನು ಕೆಲವು ಪರೀಕ್ಷಕರ ತೀರ್ಪಿಗೆ ಸೇರಿದವು, ಅವುಗಳ ಬಗ್ಗೆ ಮತ್ತೊಂದು ತೀರ್ಪನ್ನು ಕೇಳಬಹುದು ಅಷ್ಟೆ. ಈ ಎರಡನ್ನು ಬೇರ್ಪಡಿಸಿ ಬರೆದಾಗ ಮಾತ್ರ ಇಮೇಲ್ ಕೆಲಸಕ್ಕೆ ಬರುತ್ತದೆ ಎಂಬುದು ಈ ಲೇಖನದ ವಾದ. ವಿನಯದ ಪ್ರಶ್ನೆಯೂ ಅಲ್ಲೇ ತೀರ್ಮಾನವಾಗುತ್ತದೆ.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಈ ವ್ಯವಹಾರ ಕುಲಸಚಿವರ (ಮೌಲ್ಯಮಾಪನ) ಕಚೇರಿಗೆ ಸೇರಿದ್ದು. ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ಉತ್ತರ ಪತ್ರಿಕೆಯ ಛಾಯಾಪ್ರತಿ, ಅಂಕಗಳ ಮರುಎಣಿಕೆ, ಮರುಮೌಲ್ಯಮಾಪನ. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ, ಕೊನೆಯ ದಿನಾಂಕ. ಇಮೇಲ್ ಈ ಅರ್ಜಿಯ ಬದಲಿಗೆ ನಿಲ್ಲುವುದಿಲ್ಲ. ಶುಲ್ಕ ಕಟ್ಟದೆ ಇಮೇಲ್ ಮಾತ್ರ ಕಳಿಸಿ ಉತ್ತರಕ್ಕೆ ಕಾಯುತ್ತ ಕೂತರೆ ಗಡುವು ದಾಟಿಹೋಗುತ್ತದೆ. ಅರ್ಜಿ ನಮೂನೆಯಲ್ಲಿ ವಿಷಯದ ಹೆಸರು, ಪತ್ರಿಕೆಯ ಸಂಕೇತಗಳಿಗೆ ಜಾಗವಿರುತ್ತದೆ, ಯಾವ ಪುಟದಲ್ಲಿ ಏನಾಗಿದೆ ಎಂದು ಹೇಳಲು ಇರುವುದು ಅಪರೂಪ. ಆ ಕೊರತೆಯನ್ನು ತುಂಬುವುದೇ ಇಮೇಲಿನ ನಿಜವಾದ ಕೆಲಸ.

ಛಾಯಾಪ್ರತಿ ನೋಡದೆ ಇಂಥ ಇಮೇಲ್ ಬರೆಯಲಾಗದು. ಅದನ್ನು ಪಡೆಯುವ ಹಕ್ಕಿಗೆ ಗಟ್ಟಿ ಆಧಾರ ಸಿಕ್ಕಿದ್ದು 2011ರ ಆಗಸ್ಟ್‌ನಲ್ಲಿ. ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ನಡುವಿನ ಪ್ರಕರಣದಲ್ಲಿ, ಮೌಲ್ಯಮಾಪನವಾದ ಉತ್ತರ ಪತ್ರಿಕೆ 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಥದಲ್ಲಿ ಮಾಹಿತಿಯೇ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ತೀರ್ಪು ಎರಡು ಮಿತಿಗಳನ್ನೂ ಹಾಕಿತು. ಪ್ರತಿ ನೋಡುವ ಹಕ್ಕು ಮರುಮೌಲ್ಯಮಾಪನದ ಹಕ್ಕಾಗುವುದಿಲ್ಲ, ಪರೀಕ್ಷಕರ ಗುರುತನ್ನು ಬಹಿರಂಗಪಡಿಸಬೇಕಿಲ್ಲ. ಮರುಮೌಲ್ಯಮಾಪನ ಇರುವುದು ಆಯಾ ಸಂಸ್ಥೆಯ ನಿಯಮ ಅನುಮತಿಸಿದಷ್ಟೇ ಎಂಬ ನಿಲುವು 1984ರ ಮಹಾರಾಷ್ಟ್ರ ಮಂಡಳಿಯ ಪ್ರಕರಣದಿಂದಲೂ ಬಂದಿದೆ.

ಒಂದು ಕಲ್ಪಿತ ಉತ್ತರ ಪತ್ರಿಕೆಯನ್ನು ಬಿಡಿಸಿ ನೋಡೋಣ. ಪದವಿ ನಾಲ್ಕನೇ ಸೆಮಿಸ್ಟರಿನ ಅರ್ಥಶಾಸ್ತ್ರ, 60 ಅಂಕಗಳ ಪತ್ರಿಕೆ, ಪಾಸಾಗಲು 24 ಬೇಕು. ವಿದ್ಯಾರ್ಥಿನಿಗೆ ಬಂದಿರುವುದು 21. ಮುಖಪುಟದ ಕೋಷ್ಟಕದಲ್ಲಿ ‘ಅ’ ಭಾಗಕ್ಕೆ 6, ‘ಆ’ ಭಾಗಕ್ಕೆ 8, ‘ಇ’ ಭಾಗಕ್ಕೆ 7 ಎಂದಿದೆ. ಛಾಯಾಪ್ರತಿ ತಿರುವಿದಾಗ ಮೂರು ಸಂಗತಿಗಳು ಕಣ್ಣಿಗೆ ಬೀಳುತ್ತವೆ. 12ನೇ ಪ್ರಶ್ನೆಗೆ ಒಳಪುಟದಲ್ಲಿ 4 ಅಂಕ ಕೊಟ್ಟಿದೆ, ಮುಖಪುಟದಲ್ಲಿ 2 ಎಂದು ದಾಖಲಾಗಿದೆ. 9ನೇ ಪ್ರಶ್ನೆಯ ಉತ್ತರವನ್ನು ಆಕೆ ಕೊನೆಯಲ್ಲಿ, 30ನೇ ಪುಟದಲ್ಲಿ ಬರೆದಿದ್ದಾಳೆ. ಆ ಪುಟದಲ್ಲಿ ಪರೀಕ್ಷಕರ ಗುರುತೇ ಇಲ್ಲ, ಕೋಷ್ಟಕದ ಮನೆಯೂ ಖಾಲಿ. ಇನ್ನು 11ನೇ ಪ್ರಶ್ನೆಗೆ ಹತ್ತರಲ್ಲಿ ನಾಲ್ಕು ಬಂದಿದೆ, ಆಕೆಯ ಎಣಿಕೆಯಲ್ಲಿ ಏಳಾದರೂ ಸಿಗಬೇಕಿತ್ತು.

ಮೊದಲನೆಯದು ದಾಖಲಿಸುವಾಗಿನ ತಪ್ಪು. ಮರುಎಣಿಕೆಯಲ್ಲಿ ಅದು ಸರಿಹೋಗುತ್ತದೆ, ಯಾರ ಅಭಿಪ್ರಾಯವೂ ಬೇಕಿಲ್ಲ. ಆದರೆ ಸರಿಹೋದ ಮೇಲೂ ಮೊತ್ತ 23, ಒಂದು ಅಂಕಕ್ಕೆ ಆಕೆ ನಪಾಸು. ಹಾಗಾಗಿ ಎರಡನೆಯದರ ಮೇಲೆ ಇಡೀ ಫಲಿತಾಂಶ ನಿಂತಿದೆ. ಅದು ಬಿಟ್ಟುಹೋದ ಉತ್ತರ. ಬಿಟ್ಟುಹೋಗಿದೆ ಎಂಬುದು ಕಣ್ಣಿಗೆ ಕಾಣುವ ಸಂಗತಿ, ಅದಕ್ಕೆ ಎಷ್ಟು ಅಂಕ ಎಂಬುದನ್ನು ಹೇಳಬೇಕಾದವರು ಪರೀಕ್ಷಕರು. ಮರುಎಣಿಕೆಯ ಹೊತ್ತಿನಲ್ಲಿ ಬಿಟ್ಟುಹೋದ ಉತ್ತರವನ್ನು ಪರೀಕ್ಷಕರಿಗೆ ಕಳಿಸುತ್ತಾರೋ ಇಲ್ಲವೋ ಎಂಬುದು ಆಯಾ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ಆದ್ದರಿಂದ ಅದನ್ನು ಪುಟಸಂಖ್ಯೆ ಸಹಿತ ಎತ್ತಿ ಹೇಳಲೇಬೇಕು. ಮೂರನೆಯದು ಪೂರ್ತಿ ತೀರ್ಪಿನ ವಿಷಯ. ಪರೀಕ್ಷಕರು ತಪ್ಪು ಮಾಡಿದ್ದಾರೆ ಎನ್ನಲು ಆಕೆಯ ಬಳಿ ಸಾಕ್ಷ್ಯವಿಲ್ಲ, ಅನಿಸಿಕೆಯಿದೆ.

ಹೆಚ್ಚಿನ ವಿದ್ಯಾರ್ಥಿಗಳು ಈ ಮೂರನೆಯದಕ್ಕೇ ಪುಟಗಟ್ಟಲೆ ಬರೆಯುತ್ತಾರೆ. ಆ ಶ್ರಮ ವ್ಯರ್ಥವಾಗಲು ವ್ಯವಸ್ಥೆಯೊಳಗೇ ಒಂದು ಕಾರಣವಿದೆ. ಮರುಮೌಲ್ಯಮಾಪನಕ್ಕೆ ಹೋಗುವ ಉತ್ತರ ಪತ್ರಿಕೆಯಲ್ಲಿ ನೋಂದಣಿ ಸಂಖ್ಯೆಯನ್ನು ಮರೆಮಾಡಿ ಸಂಕೇತ ಸಂಖ್ಯೆ ಹಾಕಿರುತ್ತಾರೆ. ಇಮೇಲಿನಲ್ಲಿ ವಿದ್ಯಾರ್ಥಿಯ ಹೆಸರಿದೆ, ಅದನ್ನು ಎರಡನೇ ಪರೀಕ್ಷಕರಿಗೆ ತೋರಿಸಿದರೆ ಗೋಪ್ಯತೆ ಮುರಿಯುತ್ತದೆ. ಅಂದಮೇಲೆ ಉತ್ತರದ ಗುಣವನ್ನು ಸಮರ್ಥಿಸುವ ವಾದವನ್ನು ಓದುವವರು ಕಚೇರಿಯ ಸಿಬ್ಬಂದಿ, ಅಂಕ ಕೊಡುವ ಅಧಿಕಾರ ಅವರಿಗಿಲ್ಲ. ಅದೇ ಸಿಬ್ಬಂದಿ 12ನೇ ಪ್ರಶ್ನೆಯ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬಲ್ಲರು, 30ನೇ ಪುಟ ತೆರೆದು ಟಿಪ್ಪಣಿ ಹಾಕಬಲ್ಲರು. ಇಮೇಲ್ ಅವರಿಗೆ ಬರೆಯುವಂಥದ್ದು. ನನ್ನ ದೃಷ್ಟಿಯಲ್ಲಿ, ಓದುವವರ ಅಧಿಕಾರ ಎಲ್ಲಿಯವರೆಗೆ ಎಂದು ತಿಳಿದು ಅಷ್ಟನ್ನೇ ಕೇಳುವುದು ಅವರಿಗೆ ತೋರಿಸುವ ದೊಡ್ಡ ಗೌರವ.

ಆ ವಿದ್ಯಾರ್ಥಿನಿಯ ಇಮೇಲ್ ಹೀಗಿರಬಹುದು:

> ವಿಷಯ: ಮರುಎಣಿಕೆ ಮತ್ತು ಮರುಮೌಲ್ಯಮಾಪನ – ಅರ್ಥಶಾಸ್ತ್ರ, 4ನೇ ಸೆಮಿಸ್ಟರ್ – ನೋಂದಣಿ ಸಂಖ್ಯೆ, ಪತ್ರಿಕೆಯ ಸಂಕೇತ, ಅರ್ಜಿ ಸಂಖ್ಯೆ
>
> ಮಾನ್ಯರೇ,
>
> ಮೇಲ್ಕಂಡ ಪತ್ರಿಕೆಯಲ್ಲಿ ನನಗೆ 60ಕ್ಕೆ 21 ಅಂಕ ಬಂದಿದೆ. ಛಾಯಾಪ್ರತಿ ಪಡೆದು ನೋಡಿದ್ದೇನೆ. ಮರುಎಣಿಕೆಗೂ ಮರುಮೌಲ್ಯಮಾಪನಕ್ಕೂ ನಿಗದಿತ ಶುಲ್ಕ ಪಾವತಿಸಿ ಅರ್ಜಿ ಸಲ್ಲಿಸಿದ್ದೇನೆ, ರಸೀದಿ ಲಗತ್ತಿಸಿದೆ.
>
> 12ನೇ ಪ್ರಶ್ನೆಗೆ 24ನೇ ಪುಟದಲ್ಲಿ 4 ಅಂಕ ಇದ್ದು, ಮುಖಪುಟದಲ್ಲಿ 2 ಎಂದು ನಮೂದಾಗಿದೆ. 30ನೇ ಪುಟದಲ್ಲಿರುವ 9ನೇ ಪ್ರಶ್ನೆಯ ಉತ್ತರಕ್ಕೆ ಒಳಪುಟದಲ್ಲಾಗಲಿ ಮುಖಪುಟದಲ್ಲಾಗಲಿ ಅಂಕ ನಮೂದಾಗಿಲ್ಲ. ಎರಡೂ ಪುಟಗಳ ಪ್ರತಿ ಲಗತ್ತಿಸಿದ್ದೇನೆ. ಇವುಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ. 11ನೇ ಪ್ರಶ್ನೆಯ ಉತ್ತರವನ್ನು ನಿಯಮಾನುಸಾರ ಮರುಮೌಲ್ಯಮಾಪನದಲ್ಲಿ ನೋಡಬೇಕೆಂದು ವಿನಂತಿ.
>
> ತಮ್ಮ ವಿಶ್ವಾಸಿ,

ಈ ಇಮೇಲಿನ ವಾಕ್ಯರಚನೆ ಗಮನಿಸಬೇಕು. ಮೊದಲೆರಡು ದೋಷಗಳ ವಾಕ್ಯಗಳಲ್ಲಿ ಕರ್ತೃವಿಲ್ಲ: ‘ನಮೂದಾಗಿದೆ’, ‘ನಮೂದಾಗಿಲ್ಲ’. ಪರೀಕ್ಷಕರು ನಿರ್ಲಕ್ಷಿಸಿದ್ದಾರೆ ಎಂದು ಬರೆದಿದ್ದರೆ ಆಪಾದನೆಯಾಗುತ್ತಿತ್ತು, ಆಪಾದನೆಗೆ ಕಚೇರಿ ಸಮಜಾಯಿಷಿ ಹುಡುಕುತ್ತದೆ. ಕನ್ನಡದ ಕ್ರಿಯಾಪದ ಕರ್ತೃವನ್ನು ಹೆಸರಿಸದೆಯೇ ಸಂಗತಿಯನ್ನು ಹೇಳಬಲ್ಲದು, ಅದು ಇಲ್ಲಿ ಚೆನ್ನಾಗಿ ಒದಗಿಬಂದಿದೆ. 11ನೇ ಪ್ರಶ್ನೆಗೆ ಬಂದಾಗ ಸಂಗತಿ ಹೇಳುವ ಮಾತು ನಿಂತು ಕೋರಿಕೆ ಮಾತ್ರ ಉಳಿಯುತ್ತದೆ. ‘ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರುವಾಗುವ ಉದ್ದದ ಪೀಠಿಕೆಯನ್ನೂ ಬಿಟ್ಟಿದೆ. ಕಾಗದದ ಅರ್ಜಿಯಲ್ಲಿ ಅದಕ್ಕೆ ಸ್ಥಾನವಿತ್ತು. ನೂರಾರು ಇಮೇಲ್‌ಗಳ ಸಾಲಿನಲ್ಲಿ ಮೊದಲು ಕಾಣುವುದು ವಿಷಯದ ಸಾಲು, ಆದ್ದರಿಂದ ನೋಂದಣಿ ಸಂಖ್ಯೆ ಅಲ್ಲೇ ಇರಬೇಕು.

ಮನೆಯ ಕಷ್ಟವನ್ನು ಹೇಳಿಕೊಳ್ಳಬೇಕೆ ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ರಣವಿಜಯ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮರುಮೌಲ್ಯಮಾಪನದ ತೀರ್ಮಾನದಲ್ಲಿ ಅನುಕಂಪಕ್ಕೆ ಪಾತ್ರವಿಲ್ಲ ಎಂದಿತು. ಅಂಕ ಕೊಡಿಸಲು ಕಷ್ಟವನ್ನು ಮುಂದೊಡ್ಡುವುದು ವಿದ್ಯಾರ್ಥಿಗೂ ಮರ್ಯಾದೆ ತರುವುದಿಲ್ಲ. ಆದರೆ ಸ್ನಾತಕೋತ್ತರ ಪ್ರವೇಶದ ಕೊನೆಯ ದಿನಾಂಕ ಹತ್ತಿರವಿದ್ದರೆ ಅದನ್ನು ಒಂದು ಸಾಲಿನಲ್ಲಿ ತಿಳಿಸುವುದು ಬೇರೆ ಮಾತು. ಅದು ಕೇಳುವುದು ಅಂಕವನ್ನಲ್ಲ, ಸಮಯವನ್ನು.

ಕಳಿಸುವ ಮುನ್ನ ನಿಯಮಾವಳಿಯಲ್ಲಿ ಒಂದನ್ನು ಓದಿಕೊಳ್ಳಬೇಕು: ಮರುಮೌಲ್ಯಮಾಪನದಲ್ಲಿ ಅಂಕ ಇಳಿದರೆ ಯಾವುದು ಊರ್ಜಿತ? ಇಳಿದ ಅಂಕವೇ ಅಂತಿಮ ಎಂಬ ನಿಯಮವಿದ್ದು, ಮರುಎಣಿಕೆಯಲ್ಲೇ ಬಿಟ್ಟುಹೋದ ಉತ್ತರವನ್ನೂ ನೋಡುವ ವ್ಯವಸ್ಥೆ ಇದ್ದರೆ, ಈ ವಿದ್ಯಾರ್ಥಿನಿ 11ನೇ ಪ್ರಶ್ನೆಯ ಆಸೆ ಬಿಟ್ಟು ಮರುಎಣಿಕೆಗೆ ಮಾತ್ರ ಅರ್ಜಿ ಹಾಕುವುದು ಲೇಸು. 9ನೇ ಉತ್ತರಕ್ಕೆ ಒಂದೇ ಅಂಕ ಬಂದರೂ ಆಕೆ 24 ಮುಟ್ಟುತ್ತಾಳೆ.