ಕೇಂದ್ರ ಬ್ಯಾಂಕುಗಳ ಚಿನ್ನ ಖರೀದಿ

ವಿದೇಶಿ ವಿನಿಮಯ ಮೀಸಲಿನ ಭಾಗವಾಗಿ ಕೇಂದ್ರ ಬ್ಯಾಂಕುಗಳು ಚಿನ್ನ ಕೊಳ್ಳುವ ಕ್ರಮ. ಈ ಚಿನ್ನ ಸಾಮಾನ್ಯವಾಗಿ ವರ್ಷಗಟ್ಟಲೆ ತಿಜೋರಿಯಲ್ಲೇ ಉಳಿಯುತ್ತದೆ. ಬೆಲೆ ಏರಿತೆಂದು ಆಭರಣದ ಗಿರಾಕಿಯಂತೆ ಈ ಬ್ಯಾಂಕುಗಳು ಹಿಂದೆ ಸರಿಯುವುದೂ ಕಡಿಮೆ. ಹೀಗಾಗಿ ಇವುಗಳ ಖರೀದಿ ದಿನದ ಏರಿಳಿತಕ್ಕಿಂತ ದೀರ್ಘಾವಧಿಯ ಬೆಲೆಗೆ ಹೆಚ್ಚು ಆಧಾರವಾಗುತ್ತದೆ. 2022ರಲ್ಲಿ ರಷ್ಯಾದ ವಿದೇಶಿ ಮೀಸಲಿನ ದೊಡ್ಡ ಭಾಗ ಸ್ತಂಭನಗೊಂಡ ಬಳಿಕ, ಸ್ವಂತ ನೆಲದಲ್ಲಿಟ್ಟ ಚಿನ್ನವನ್ನು ಬೇರೆಯವರು ತಡೆಹಿಡಿಯಲಾರರು ಎಂಬ ಲೆಕ್ಕಾಚಾರ ಬಲಗೊಂಡಿತು. ಅಲ್ಲಿಂದ 2024ರವರೆಗೆ ವಾರ್ಷಿಕ ಖರೀದಿ 1,000 ಟನ್ ದಾಟಿತು. ಬಡ್ಡಿದರ ಏರಿದರೂ ಚಿನ್ನ ಕುಸಿಯದಿರಲು ಇದೊಂದು ಕಾರಣ, ಇದೊಂದೇ ಕಾರಣವಲ್ಲ.

ಮೀಸಲಿನ ಅಂಕಿಅಂಶದಲ್ಲಿ ಮೌಲ್ಯಕ್ಕಿಂತ ತೂಕವನ್ನು ನೋಡಬೇಕು. 100 ಟನ್ ಇರುವ ದೇಶದಲ್ಲಿ ಬೆಲೆ ಶೇ. 25 ಏರಿದರೆ, ಒಂದು ಗ್ರಾಂ ಕೊಳ್ಳದೆಯೂ ಚಿನ್ನದ ಮೌಲ್ಯ ಅಷ್ಟೇ ಏರುತ್ತದೆ. ಪತ್ರಿಕೆಗಳ ತಲೆಬರಹ ಎಡವುವುದು ಬಹುಪಾಲು ಇಲ್ಲೇ.

ತೂಕವೂ ತಡವಾಗಿ ಹೊರಬರಬಹುದು. 2003ರಿಂದ 600 ಟನ್ ಎಂದೇ ತೋರಿಸುತ್ತಿದ್ದ ಚೀನಾ, 2009ರ ಏಪ್ರಿಲ್‌ನಲ್ಲಿ 1,054 ಟನ್ ಎಂದು ಘೋಷಿಸಿತು. ವ್ಯತ್ಯಾಸದ 454 ಟನ್ ಆ ತಿಂಗಳು ಕೊಂಡದ್ದಲ್ಲ. ಹಲವು ವರ್ಷಗಳಲ್ಲಿ ಬೇರೊಂದು ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಸೇರಿದ್ದು. ಮತ್ತೆ ಆರು ವರ್ಷ ಮೌನವಿದ್ದು, 2015ರಲ್ಲಿ 1,658 ಟನ್ ಎಂದಿತು. ಆದ್ದರಿಂದ ವಿಶ್ಲೇಷಕರು ಅಧಿಕೃತ ಪಟ್ಟಿಯ ಜೊತೆಗೆ ಬ್ರಿಟನ್, ಸ್ವಿಟ್ಜರ್ಲೆಂಡ್‌ಗಳ ರಫ್ತು ದಾಖಲೆಗಳನ್ನೂ ಹೋಲಿಸುತ್ತಾರೆ.