ಇನ್ಫೋಸಿಸ್‌ನ ಏಪ್ರಿಲ್‌ಗಳು

ನಮ್ಮ ಕಡೆ ಇನ್ಫೋಸಿಸ್ ಅಂದ್ರೆ ಕೆಲಸ, ಕ್ಯಾಂಪಸ್, ಮೈಸೂರಿನ ಟ್ರೇನಿಂಗ್. ಫ್ಯೂಚರ್ಸ್ ಮಾಡುವವರಿಗೆ ಮಾತ್ರ ಅದರ ಇನ್ನೊಂದು ಇತಿಹಾಸವೂ ನೆನಪಿರಬೇಕು.

2003ರ ಏಪ್ರಿಲ್ 10ರಂದು ಮುಂದಿನ ವರ್ಷದ ಅಂದಾಜು ಸಪ್ಪೆಯಾಗಿದೆ ಎಂದು ಆ ಷೇರು ಒಂದೇ ದಿನದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಿತ್ತು. ಷೇರುಗಳ ಫ್ಯೂಚರ್ಸ್ ನಮ್ಮಲ್ಲಿ ಶುರುವಾಗಿ ಆಗ ಒಂದೂವರೆ ವರ್ಷವಾಗಿತ್ತಷ್ಟೆ. 2013ರ ಏಪ್ರಿಲ್ 12ರಂದು ಮತ್ತೆ ಅದೇ ಕಥೆ: 2,917 ರೂಪಾಯಿ ಆಸುಪಾಸಿನಲ್ಲಿದ್ದದ್ದು ಸಂಜೆಗೆ 2,295. ಶೇ. 21 ಹೋಯ್ತು. ಡೆರಿವೇಟಿವ್ಸ್ ಇರುವ ಷೇರುಗಳಿಗೆ ದಿನದ ಸರ್ಕ್ಯೂಟ್ ಮಿತಿ ಗಟ್ಟಿಯಾಗಿರುವುದಿಲ್ಲ, ಹಾಗಾಗಿ ಬೀಳುವುದಕ್ಕೆ ತಡೆಯೂ ಇಲ್ಲ.

ಆ ದಿನದ ಲೆಕ್ಕ ನೋಡೋಣ. 125 ಷೇರಿನ ಒಂದು ಲಾಟ್, ಮಾರ್ಜಿನ್ ಶೇ. 15 ಎಂದಿಟ್ಟುಕೊಳ್ಳಿ. ಮೂರೂವರೆ ಲಕ್ಷ ಮೀರಿದ ಸರಕು ಸುಮಾರು 55,000ಕ್ಕೆ ಕೈಗೆ ಸಿಗುತ್ತದೆ. ಎರಡು ಲಕ್ಷ ಇದ್ದವನಿಗೆ ಮೂರು ಲಾಟ್ ಸಲೀಸು. ಆದರೆ ಒಂದೊಂದು ಲಾಟಿನ ನಷ್ಟ 622 ಗುಣಿಸು 125, ಅಂದರೆ 77,750. ಮೂರಕ್ಕೆ 2,33,250. ಎರಡು ಲಕ್ಷವೂ ಹೋಗಿ, ಬ್ರೋಕರ್‌ಗೆ 33 ಸಾವಿರ ಬಾಕಿ. ಮಾರ್ಜಿನ್ ಎನ್ನುವುದು ಮಾಮೂಲಿ ದಿನಗಳ ಏರಿಳಿತಕ್ಕೆ ಇಟ್ಟ ಠೇವಣಿ. ಅದನ್ನೇ ಗರಿಷ್ಠ ನಷ್ಟ ಅಂದುಕೊಳ್ಳುವುದೇ ತಪ್ಪು.

ಹೋದ ಸಲ ಹೆಮ್ಮರಗಾಲಕ್ಕೆ ಹೋದಾಗ ಚಿಕ್ಕಪ್ಪನ ಮಗ ಕೇಳಿದ: "ಅಣ್ಣ, ಸ್ಟಾಪ್‌ಲಾಸ್ ಹಾಕಿದ್ರೆ ಸಾಕಲ್ವಾ?" ಅವನಿಗೆ 2023ರ ಕಥೆ ಹೇಳಿದೆ. ಏಪ್ರಿಲ್ 13ರ ಗುರುವಾರ ಸಂಜೆ ಫಲಿತಾಂಶ ಬಂತು. ಶುಕ್ರವಾರ ಅಂಬೇಡ್ಕರ್ ಜಯಂತಿ ರಜೆ, ಆಮೇಲೆ ಶನಿ, ಭಾನು. ಸೋಮವಾರ ಬಾಗಿಲು ತೆರೆದಾಗಲೇ ಬೆಲೆ ಬಹಳ ಕೆಳಗಿತ್ತು, ದಿನದ ಕೊನೆಗೂ ಶೇ. 9ರಷ್ಟು ಇಳಿದೇ ಇತ್ತು. ನಡುವಿನ ಬೆಲೆಗಳಲ್ಲಿ ವ್ಯಾಪಾರವೇ ಆಗದಿದ್ದರೆ ಸ್ಟಾಪ್‌ಲಾಸ್ ಅಲ್ಲಿ ಏನು ಮಾರೀತು? ಸಿಕ್ಕ ಬೆಲೆಗೇ ಮಾರುತ್ತದೆ.

ಪುಟ್ ಮಾರುವವರು ಇನ್ನೂ ಧೈರ್ಯವಂತರು. 2013ರಲ್ಲಿ 2,600ರ ಪುಟ್ಟನ್ನು 20 ರೂಪಾಯಿಗೆ ಮಾರಿದವನನ್ನು ಊಹಿಸಿಕೊಳ್ಳಿ. ಷೇರು ಶೇ. 11 ಬೀಳುವ ತನಕ ಚಿಂತೆಯಿಲ್ಲ, ಸಿಗುವುದು ಲಾಟಿಗೆ 2,500. ಆ ಸಂಜೆ ಅದೇ ಪುಟ್ 305ಕ್ಕಿಂತ ಕಮ್ಮಿ ಬಾಳುತ್ತಿರಲಿಲ್ಲ. ನಷ್ಟ 35 ಸಾವಿರ ಮೀರುತ್ತದೆ, ಅಂದರೆ ಹದಿನಾಲ್ಕು ಸಲದ ಗಳಿಕೆ ಒಂದೇ ಸಲಕ್ಕೆ ಸ್ವಾಹಾ.

ಹಾಗಾಗಿ ನಾನು ಲೆಕ್ಕವನ್ನು ಹಿಂದುಮುಂದಾಗಿ ಹಾಕುತ್ತೇನೆ. ಮಾರ್ಜಿನ್‌ಗೆ ಎಷ್ಟು ಲಾಟ್ ಬರುತ್ತೆ ಅಂತಲ್ಲ, ಈ ಷೇರು ಒಂದು ರಾತ್ರಿಯಲ್ಲಿ ಶೇ. 25 ಬಿದ್ದರೆ ಎಷ್ಟು ಹೋಗುತ್ತೆ ಅಂತ. ಎರಡು ಲಕ್ಷದಲ್ಲಿ 50,000 ಕಳೆದುಕೊಳ್ಳಲು ತಯಾರಿದ್ದರೆ, ಫ್ಯೂಚರ್ಸ್‌ನಲ್ಲಿ ಒಂದು ಲಾಟಿಗೇ 91 ಸಾವಿರ ಹೋಗುತ್ತದೆ. ಉತ್ತರ ಸೊನ್ನೆ ಲಾಟ್. ಬೇಜಾರಾಗುತ್ತೆ, ಆದರೆ ಉತ್ತರ ಅದೇ. ಅದರ ಬದಲು 2,600ರ ಪುಟ್ ಮಾರಿ, ಜೊತೆಗೇ 2,500ರ ಪುಟ್ ಕೊಂಡರೆ, ಎಷ್ಟೇ ಬಿದ್ದರೂ ಲಾಟಿಗೆ 12,500ಕ್ಕಿಂತ ಹೆಚ್ಚು ಹೋಗದು. ನಾಲ್ಕು ಲಾಟ್ ತಡೆದುಕೊಳ್ಳಬಹುದು. ಕೊಂಡ ಪುಟ್‌ಗೆ ಕೊಡುವ ದುಡ್ಡಿನಿಂದ ಗಳಿಕೆ ಕಮ್ಮಿಯಾಗುತ್ತದೆ. ಎಷ್ಟೋ ಜನ ಆ ನಾಲ್ಕು ಕಾಸು ಉಳಿಸಲು ಹೋಗಿಯೇ ಅದನ್ನು ಕೊಳ್ಳದೆ ಬಿಡುವುದು.