ಶಾಖಾವಾರು ಪಿಡಿಎಫ್ ಲೆಕ್ಕಪಟ್ಟಿ

ಒಂದೇ ನಮೂನೆಯಲ್ಲಿ ಪ್ರತಿ ಶಾಖೆಯ ಅಂಕಿಗಳನ್ನು ತುಂಬಿ, ಪ್ರತ್ಯೇಕ ಪಿಡಿಎಫ್ ಮಾಡಿ, ಆಯಾ ಶಾಖಾ ವ್ಯವಸ್ಥಾಪಕರಿಗಷ್ಟೇ ಇಮೇಲ್ ಕಳುಹಿಸುವ ವಿಧಾನ. ವರ್ಡ್‌ನ ಮೇಲ್ ಮರ್ಜ್ ನಮೂನೆಯನ್ನು ತುಂಬಿಕೊಡುತ್ತದೆ. ಒಬ್ಬೊಬ್ಬರಿಗೆ ಬೇರೆ ಪಿಡಿಎಫ್ ಲಗತ್ತಿಸಲು ಮ್ಯಾಕ್ರೊ ಅಥವಾ ಪೈಥಾನ್ ಸ್ಕ್ರಿಪ್ಟ್ ಬೇಕು.

ಬಾಗಲಕೋಟೆಯಲ್ಲಿ ಕೇಂದ್ರ ಕಚೇರಿ, ಬಾದಾಮಿ, ಹುನಗುಂದ, ಇಳಕಲ್‌ಗಳಲ್ಲಿ ಶಾಖೆಗಳಿರುವ ಸಹಕಾರಿ ಸಂಘವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕಡತಗಳನ್ನೂ ವಿಳಾಸಗಳನ್ನೂ ಸಾಲಿನ ಕ್ರಮದಲ್ಲಿ ಜೋಡಿಸಿದ್ದರೆ, ವಿಳಾಸಪಟ್ಟಿಯಲ್ಲಿ ಒಂದು ಸಾಲು ಬಿಟ್ಟುಹೋದೊಡನೆ ಹುನಗುಂದದ ಲೆಕ್ಕ ಇಳಕಲ್‌ಗೆ ಹೋಗುತ್ತದೆ. ಆದ್ದರಿಂದ ಎರಡನ್ನೂ ಶಾಖಾ ಸಂಕೇತದಿಂದಲೇ ಹೊಂದಿಸಬೇಕು.

ಕಳುಹಿಸುವ ಮುನ್ನ ಎಲ್ಲ ಪಿಡಿಎಫ್‌ಗಳ ಮೊತ್ತವನ್ನು ಕೂಡಿ ಕೇಂದ್ರದ ಒಟ್ಟು ಮೊತ್ತದೊಂದಿಗೆ ತಾಳೆ ನೋಡಬೇಕು. ಅದು ಬಿಟ್ಟುಹೋದ ಅಂಕಿಯನ್ನು ತೋರಿಸುತ್ತದೆ, ತಪ್ಪು ವಿಳಾಸವನ್ನಲ್ಲ. ತಪ್ಪು ವಿಳಾಸವನ್ನು ಪತ್ತೆಹಚ್ಚಲು ಪ್ರತಿ ಪಿಡಿಎಫ್‌ನ ಪಠ್ಯದಲ್ಲಿ ಒಂದೇ ಸಂಕೇತವಿದೆಯೇ, ಅದು ಸ್ವೀಕರಿಸುವವರ ಶಾಖೆಯದೇ ಎಂದು ಸ್ಕ್ರಿಪ್ಟ್ ಪರೀಕ್ಷಿಸಿ, ಹೊಂದದಿದ್ದರೆ ರವಾನೆ ನಿಲ್ಲಿಸಬೇಕು.